ಸಿಂಕ್ ಭಾವ

ನಮ್ಮ ಭಾವನವರನ್ನು "ಈಗ ಏನು ಓದ್ತಾ ಇದೀರಿ?" ಎಂದು ಕೇಳಬಾರದು. "ಯಾವುದರಲ್ಲಿ?" ಎಂದು ತಿರುಗಿ ಕೇಳುತ್ತಾರೆ. ಫೋನಿನಲ್ಲೋ, ಟ್ಯಾಬಿನಲ್ಲೋ, ರೀಡರಿನಲ್ಲೋ ಎಂದು ಅದರ ಅರ್ಥ. ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ಭದ್ರಾವತಿಯಲ್ಲಿ ಕೆಲಸ. ಬಸ್ಸಿನಲ್ಲಿ ಫೋನು, ಸೋಫಾದಲ್ಲಿ ಟ್ಯಾಬು, ಹಾಸಿಗೆಯಲ್ಲಿ ರೀಡರು. ಬೆಳಿಗ್ಗೆ ಬಿ.ಎಚ್. ರಸ್ತೆಯಲ್ಲಿ ನಿಲ್ಲಿಸಿದ ಪುಟ ರಾತ್ರಿ ದಿಂಬಿನ ಪಕ್ಕ ತಾನಾಗಿ ತೆರೆದುಕೊಳ್ಳಬೇಕು, ಅದು ಅವರ ಜೀವನಧ್ಯೇಯ.

ಇಂಥವರು ಈಗ ಬೀದಿಗೊಬ್ಬರು ಇದ್ದಾರೆ. ಗುರುತು ಹಿಡಿಯುವುದು ಸುಲಭ. ವಾಟ್ಸಾಪಿನಲ್ಲಿ ನೀವೊಂದು ಪುಸ್ತಕದ ಪಿಡಿಎಫ್ ಕಳಿಸಿದರೆ ಉಳಿದವರು ಕೈ ಮುಗಿಯುವ ಚಿತ್ರ ಹಾಕುತ್ತಾರೆ, ಇವರು "ಸ್ಕ್ಯಾನಾ, ಟೆಕ್ಸ್ಟಾ?" ಎನ್ನುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ನಮ್ಮ ಹಳೆಯ ಕನ್ನಡ ಪುಸ್ತಕಗಳು ಅಂತರಜಾಲದಲ್ಲಿ ಸಿಗುವುದು ಬಹುಪಾಲು ಪುಟಗಳ ಫೋಟೋಗಳಾಗಿ. ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಕೆಳಗಿಳಿಯುವುದಿಲ್ಲ, ಪರದೆಯಿಂದ ಆಚೆ ಹೋಗುತ್ತದೆ. ಆರಂಗುಲದ ರೀಡರಿನಲ್ಲಿ ಅದನ್ನು ಓದಬೇಕಾದರೆ ಅಂಚು ಕತ್ತರಿಸಬೇಕು, ಮಸಿ ಗಾಢ ಮಾಡಬೇಕು, ಕೊನೆಗೆ ರೀಡರನ್ನೇ ಅಡ್ಡ ಹಿಡಿದು ಒಂದು ಪುಟವನ್ನು ಎರಡು ಕಂತಿನಲ್ಲಿ ಓದಬೇಕು. ಭಾವ ಇದಿಷ್ಟನ್ನೂ ಶ್ರದ್ಧೆಯಿಂದ ಮಾಡುತ್ತಾರೆ. ಮಾಡಿ ಮುಗಿಸುವಷ್ಟರಲ್ಲಿ ನಿದ್ದೆ ಬಂದಿರುತ್ತದೆ.

ನಮ್ಮ ತವರು ಭದ್ರಾವತಿಯ ಪೇಪರ್ ಟೌನ್. ಅಪ್ಪ ಎಂಪಿಎಂನಲ್ಲಿ ಕಾಗದ ಮಾಡಿ ನಿವೃತ್ತರಾದವರು. 2015ರ ಹೊತ್ತಿಗೆ ಕಾರ್ಖಾನೆಯ ಯಂತ್ರಗಳು ನಿಂತವು. ಅದಕ್ಕೆ ಕಾರಣ ಹತ್ತಾರಿದ್ದರೂ ಅಪ್ಪ ಅಳಿಯನ ಕಡೆ ಒಮ್ಮೆ ನೋಡಿಯೇ ಮಾತು ಮುಗಿಸುತ್ತಾರೆ.

ಭಾವ ತಮ್ಮ ಮೂರು ಸಾಧನಗಳಲ್ಲೂ ಹಾಕಿಕೊಂಡಿರುವುದು ಕೆಒರೀಡರ್ ಎಂಬ ಬಿಟ್ಟಿ ತಂತ್ರಾಂಶ. ಪುಸ್ತಕ ಎಲ್ಲಿಯವರೆಗೆ ಬಂತು ಎಂಬುದನ್ನು ಅದು ಒಂದು ಸರ್ವರಿಗೆ ಹೇಳುತ್ತದೆ, ಇನ್ನೊಂದು ಸಾಧನ ಅಲ್ಲಿಂದ ಕೇಳಿ ತಿಳಿದುಕೊಳ್ಳುತ್ತದೆ. ಆದರೆ ಎರಡೂ ಕಡೆ ಇರುವುದು ಒಂದೇ ಪುಸ್ತಕ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಹೆಸರು ನೋಡು ಎನ್ನಬಹುದು, ಇಲ್ಲವೇ ಕಡತದ ಒಳಗನ್ನೇ ನೋಡು ಎನ್ನಬಹುದು. ಭಾವ ಆರಿಸಿದ್ದು ಎರಡನೆಯದು. ಅಲ್ಲಲ್ಲಿ ಒಂದೊಂದು ತುಣುಕು ಓದಿ ಅದು ಕಡತಕ್ಕೊಂದು ಗುರುತು ಕಟ್ಟಿಕೊಳ್ಳುತ್ತದೆ. ಒಳಗೆ ಸ್ವಲ್ಪ ವ್ಯತ್ಯಾಸವಾದರೂ ಆ ಗುರುತು ಬದಲಾಗಬಹುದು.

ಇದರ ರುಚಿ ಅವರಿಗೆ ಸಿಕ್ಕಿದ್ದು ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ'ದಲ್ಲಿ. 1915ರ ಕಾದಂಬರಿ, ಲೇಖಕರು ತೀರಿಕೊಂಡದ್ದು 1930ರಲ್ಲಿ, ಹಾಗಾಗಿ ಹಕ್ಕಿನ ತಕರಾರಿಲ್ಲ. ಭಾವ ಅದನ್ನು ಇಳಿಸಿಕೊಂಡು ಫೋನಿಗೂ ಟ್ಯಾಬಿಗೂ ಹಾಕಿದರು. ಆಮೇಲೆ ಕಂಪ್ಯೂಟರಿನ ಕ್ಯಾಲಿಬರ್‌ನಲ್ಲಿ ಲೇಖಕರ ಹೆಸರು, ಇಸವಿ ಎಲ್ಲ ಚೊಕ್ಕಟವಾಗಿ ತುಂಬಿ ರೀಡರಿಗೆ ಕಳಿಸಿದರು. ಕ್ಯಾಲಿಬರ್ ಕಳಿಸುವಾಗ ಆ ವಿವರಗಳನ್ನು ಕಡತದ ಒಳಗೇ ಬರೆಯಿತು. ಗುರುತು ಬದಲಾಯಿತು. ಫೋನಿನಲ್ಲಿ ಎಷ್ಟು ಓದಿದರೂ ರೀಡರು ಮೊದಲ ಪುಟದಲ್ಲೇ ಮೌನವಾಗಿ ಕೂತಿತು. ಮೂರು ಕಡೆಗೂ ಒಂದೇ ಪ್ರತಿಯನ್ನು ಹೊಸದಾಗಿ ಹಾಕಿದ ಮೇಲೆ ಅದಕ್ಕೆ ಬಾಯಿ ಬಂತು.

ಆಮೇಲೆ ಬುಕ್‌ಮಾರ್ಕಿನ ಸರದಿ. ಸರ್ವರಿಗೆ ಹೋಗುವುದು ನಿಂತ ಜಾಗ ಮಾತ್ರ. ಬುಕ್‌ಮಾರ್ಕು, ಗೆರೆ ಎಳೆದ ಸಾಲು ಎಲ್ಲ ಪುಸ್ತಕದ ಪಕ್ಕ `.sdr` ಎಂದು ಕೊನೆಗೊಳ್ಳುವ ಹೆಸರಿನ ಫೋಲ್ಡರಿನಲ್ಲಿ ಕೂತಿರುತ್ತವೆ. ಭಾವ ಪುಸ್ತಕದ ಫೋಲ್ಡರನ್ನೇ ಸಿಂಕ್‌ಥಿಂಗ್‌ನಿಂದ ಫೋನಿಗೂ ಟ್ಯಾಬಿಗೂ ಜೋಡಿಸಿದರು. ರೀಡರಿಗೆ ಭಾನುವಾರ ಕೇಬಲ್ಲು. ಬಸ್ಸಿನಲ್ಲಿ ನೆಟ್ ಇಲ್ಲದಾಗ ಫೋನಿನಲ್ಲೊಂದು ಬುಕ್‌ಮಾರ್ಕು, ಅಷ್ಟರಲ್ಲೇ ಟ್ಯಾಬಿನಲ್ಲೂ ಪುಟ ಮಗುಚಿದರೆ, ಎರಡರಲ್ಲಿ ಯಾವುದು ಸರಿ ಎಂದು ತೋಚದೆ ಸಿಂಕ್‌ಥಿಂಗ್ ಒಂದನ್ನು `sync-conflict` ಎಂದು ಹೆಸರಿಟ್ಟು ಪಕ್ಕಕ್ಕೆ ಇಡುತ್ತದೆ. ಇಂಥ ಜಗಳದ ಕಡತಗಳನ್ನು ಕೂತು ಬಿಡಿಸುವುದೇ ಭಾವನ ಭಾನುವಾರ. "ಇವರು ಓದೋದು ಬಿಟ್ಟು ಉಳಿದಿದ್ದೆಲ್ಲ ಮಾಡ್ತಾರೆ" ಎನ್ನುತ್ತಾಳೆ ಅಕ್ಕ.

ಹೀಗಿರುವಾಗ ಒಂದು ರಾತ್ರಿ ರೀಡರು ಪ್ರಶ್ನೆ ಹಾಕಿತು: ಟ್ಯಾಬಿನಲ್ಲಿ ಶೇಕಡಾ 23ಕ್ಕೆ ಬಂದಿದ್ದೀರಿ, ಅಲ್ಲಿಗೆ ಹೋಗೋಣವೇ? ಭಾವ ಓದಿದ್ದು ಶೇಕಡಾ 6. ಬೇಡವೆಂದು ಒತ್ತಿ, ಒಂದು ಪುಟ ಮಗುಚಿ ಮಲಗಿದರು. ಮರುದಿನ ಅದು 31 ಎಂದಿತು. ವಾರ ಕಳೆಯುವುದರೊಳಗೆ 61.

ಭಾವನಿಗೆ ಊಟ ರುಚಿಸಲಿಲ್ಲ. ಗುರುತು ತಪ್ಪಿರಬೇಕೆಂದು ಪುಸ್ತಕವನ್ನು ಅಳಿಸಿ ಮತ್ತೆ ಹಾಕಿದರು. ಆದರೆ ಗುರುತು ತಪ್ಪಿದರೆ ಸಾಧನ ಸುಮ್ಮನಿರುತ್ತದೆಯೇ ಹೊರತು ಬೇರೆ ಅಂಕಿ ಹೇಳುವುದಿಲ್ಲ. ರೀಡರು ಮೌನವಾಗಿದ್ದಾಗ ಅವರೇ ಕಂಡಿದ್ದ ಸತ್ಯ. ಒಂದೇ ಹೆಸರಿನ ಎರಡು ಪುಸ್ತಕ ಬೆರೆತವೇ? ಅದು ಹೆಸರು ನೋಡಿ ಹೊಂದಿಸುವವರ ಕಷ್ಟ, ಇವರದಲ್ಲ. ಪಾಸ್‌ವರ್ಡು ಕಳುವಾಯಿತೇ? ಕದ್ದವನು ಸುಮ್ಮನೆ ಕೂತು ಪುಟ್ಟಣ್ಣನವರನ್ನು ಓದುತ್ತಾನೆಯೇ? "ಓದಿದರೆ ಒಳ್ಳೇ ಕಳ್ಳ ಬಿಡಿ" ಎಂದಳು ಅಕ್ಕ. ಅಂಕಿ ಏರುತ್ತಿದ್ದದ್ದು ದಿನಾ ಮಧ್ಯಾಹ್ನ, ಇವರು ಆಫೀಸಿನಲ್ಲಿದ್ದಾಗ. ಪ್ರಶ್ನೆಯಲ್ಲಿ ಕಾಣುತ್ತಿದ್ದದ್ದು ಇವರ ಟ್ಯಾಬಿನ ಮಾದರಿಯ ಹೆಸರೇ. ಆ ಟ್ಯಾಬು ಮಾತ್ರ ಮನೆಯ ಬೀರುವಿನಲ್ಲಿ ಬೀಗದೊಳಗಿತ್ತು.

ಅಂಥ ಟ್ಯಾಬು ಲೋಕದಲ್ಲಿ ಇನ್ನೊಂದಿತ್ತು. ಹಳೆಯದರ ಗಾಜು ಬಿರುಕು ಬಿಟ್ಟಾಗ ಭಾವ ಅದೇ ಮಾದರಿಯ ಹೊಸದನ್ನು ಕೊಂಡಿದ್ದರು, ಕವರು ದಂಡವಾಗಬಾರದೆಂದು. ಹಳೆಯದು ಧಾರಾವಾಹಿ ನೋಡಲೆಂದು ಪೇಪರ್ ಟೌನಿನ ಅತ್ತೆಗೆ, ಅಂದರೆ ನಮ್ಮಮ್ಮನಿಗೆ ಬಂತು. ಲಾಗಿನ್ ತೆಗೆದಿರಲಿಲ್ಲ. ಫೋಲ್ಡರಿನ ಜೋಡಣೆಯೂ ಹಾಗೇ ಇತ್ತು.

ಆ ಶನಿವಾರ ಭಾವ ಬಂದು ಟ್ಯಾಬು ಕೈಗೆತ್ತಿಕೊಂಡರು. ಅಮ್ಮನಿಗೆ ಗಾಬರಿ.

"ನಾನೇನೂ ಕೆಡಿಸಿಲ್ಲ ಕಣ್ರೀ ಅಳಿಯಂದಿರೇ. ಧಾರಾವಾಹಿ ಹುಡುಕೋವಾಗ ಈ ಪುಸ್ತಕ ಸಿಕ್ತು. ಪುಟ ಪೂರ್ತಿ ಕಾಣತ್ತೆ, ಅಕ್ಷರಾನೂ ದಪ್ಪ. ಆದ್ರೆ ದಿನಾ ತೆಗೆದ ಕೂಡಲೇ ಇಂಗ್ಲಿಷಲ್ಲಿ ಏನೋ ಕೇಳತ್ತೆ, ಆರು ಅಂತ ಅಂಕಿ ತೋರಿಸತ್ತೆ. ಬೇಡ ಅಂತ ಒತ್ತಿ ಓದ್ತೀನಿ."

ಸಂಗತಿ ಇಷ್ಟೇ. ಕೊನೆಗೆ ಪುಟ ಮಗುಚಿದವರು ಯಾರೋ ಅವರ ಜಾಗವೇ ಸರ್ವರಿಗೆ ಅಂತಿಮ. ಮಧ್ಯಾಹ್ನ ಅತ್ತೆ ಮಗುಚುತ್ತಿದ್ದರು, ರಾತ್ರಿ ಅಳಿಯ. ಒಂದು ಖಾತೆಗೆ ಇಬ್ಬರು ಓದುಗರಿರಬಹುದೆಂದು ಅದಕ್ಕೆ ಅನ್ನಿಸುವುದೇ ಇಲ್ಲ. ಭಾವನನ್ನು 61ಕ್ಕೆ ಎಳೆಯಲು ಅದು ದಿನಾ ರಾತ್ರಿ ಒತ್ತಾಯಿಸಿತು, ಅಮ್ಮನನ್ನು 6ಕ್ಕೆ ಇಳಿಸಲು ದಿನಾ ಮಧ್ಯಾಹ್ನ. ಇಬ್ಬರೂ ಜಗ್ಗಲಿಲ್ಲ. ಇಡೀ ಏರ್ಪಾಟಿನಲ್ಲಿ ಒಂದೂ ದೋಷವಿರಲಿಲ್ಲ.

"ಮುಂದೇನಾಗತ್ತೆ ಹೇಳ್ಬೇಡಿ ಅತ್ತೆ" ಎಂದರು ಭಾವ.

"ನೀವು ಎಲ್ಲಿದೀರಿ?"

ಭಾವ ಉತ್ತರಿಸದೆ ಅಮ್ಮನಿಗೊಂದು ಹೊಸ ಖಾತೆ ತೆರೆದುಕೊಟ್ಟರು. ಬುಕ್‌ಮಾರ್ಕು ಬೆರೆಯದಿರಲೆಂದು ಫೋಲ್ಡರಿನ ಜೋಡಣೆಯನ್ನೂ ಕಡಿದರು. ಅಮ್ಮ ಮುಂದಿನ ಗುರುವಾರಕ್ಕೆ ಕಾದಂಬರಿ ಮುಗಿಸಿ, ಅಪ್ಪನಿಗೆ ಅರ್ಧ ಕತೆ ಹೇಳಿ, ಇನ್ನೊಂದು ಪುಸ್ತಕ ಹಾಕಿಕೊಡಿ ಎಂದು ಅಳಿಯನಿಗೆ ಫೋನ್ ಮಾಡಿದರು. ಅತ್ತ ವಿನೋಬನಗರದಲ್ಲಿ ಭಾವ ಫೋನು, ಟ್ಯಾಬು, ರೀಡರುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅಕ್ಕನನ್ನು ಕರೆದು ತೋರಿಸುತ್ತಿದ್ದರಂತೆ: "ನೋಡು, ಈಗ ಮೂರೂ ಕರಾರುವಾಕ್ಕು. ಶೇಕಡಾ 6, 6, 6."