ಡ್ಯಾಫಪ್ಪ

ಯುಪಿಎಸ್‌ಸಿ ಮೇನ್ಸ್ ಫಲಿತಾಂಶ ಬಂದ ಮೇಲೆ ಬೆಂಗಳೂರಿನ ವಿಜಯನಗರದ ಯಾವ ಪಿ.ಜಿ.ಗೆ ಹೋದರೂ ಒಬ್ಬ ಡ್ಯಾಫಪ್ಪ ಸಿಕ್ಕೇ ಸಿಗುತ್ತಾನೆ. ಡ್ಯಾಫ್ ಅಂದರೆ ಊರು, ಜಿಲ್ಲೆ, ಓದು, ಕೆಲಸ, ಹವ್ಯಾಸ ಎಲ್ಲವನ್ನೂ ತುಂಬಿಕೊಡುವ ವಿವರವಾದ ಅರ್ಜಿ. ದೆಹಲಿಯ ಧೋಲ್ಪುರ ಹೌಸ್‌ನಲ್ಲಿ ಸಂದರ್ಶನ ಮಂಡಳಿಯವರು ಆ ಅರ್ಜಿಯನ್ನೇ ಮುಂದಿಟ್ಟುಕೊಂಡು ಕೂತಿರುತ್ತಾರೆ. ಮೇನ್ಸ್‌ನಲ್ಲಿ ಇವನು ಎಷ್ಟು ಅಂಕ ತೆಗೆದಿದ್ದಾನೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಸುಮಾರು ಅರ್ಧ ಗಂಟೆಯ ಮಾತಿಗೆ 275 ಅಂಕ. ಹೀಗಾಗಿ ಡ್ಯಾಫಪ್ಪ ತನ್ನ ಬಗ್ಗೆ ತಾನೇ ಪರೀಕ್ಷೆಗೆ ಓದುತ್ತಾನೆ.

ನನಗೆ ಗೊತ್ತಿರುವ ಡ್ಯಾಫಪ್ಪನ ಊರು ಬ್ಯಾಡಗಿ. ಹವ್ಯಾಸದ ಮುಂದೆ ‘ಪಕ್ಷಿ ವೀಕ್ಷಣೆ’ ಎಂದು ಬರೆದಿದ್ದಾನೆ. ಕ್ರಿಕೆಟ್ ಎಂದರೆ ಸಪ್ಪೆಯಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅರ್ಜಿ ಕಳಿಸಿದ ಮೇಲೆ ಹಕ್ಕಿ ನೋಡಲು ಶುರು ಮಾಡಿದ. ಕಿಟಕಿಯ ಮೇಲೆ ಕೂತ ಪಾರಿವಾಳಕ್ಕೂ ಈಗ ವೈಜ್ಞಾನಿಕ ಹೆಸರಿದೆ.

ಪ್ರಚಲಿತ ವಿದ್ಯಮಾನಕ್ಕೆಂದು ದಿನಾ ಮೂರು ಪತ್ರಿಕೆ ಓದಿ ಓದಿ, ಅವನ ಬಾಯಲ್ಲಿ ಯಾವ ವಿಷಯಕ್ಕೂ ಎರಡು ಮಗ್ಗಲು ಹುಟ್ಟಿಕೊಂಡಿವೆ. ಊರಿಗೆ ಹೋದಾಗ ಅವ್ವ, “ರೊಟ್ಟಿ ಮಾಡ್ಲ್ಯೋ, ಚಪಾತಿ ಮಾಡ್ಲ್ಯೋ?” ಎಂದರೆ, “ಎರಡಕ್ಕೂ ಅದರದರ ಅನುಕೂಲ, ಇತಿಮಿತಿ ಅದಾವವ್ವಾ” ಎಂದು ಶುರು ಮಾಡಿದನಂತೆ. ಅವ್ವ ಉಪ್ಪಿಟ್ಟು ಮಾಡಿಬಿಟ್ಟಳು.

ಸಮಚಿತ್ತದ ಅಭ್ಯಾಸ ಕನ್ನಡಿಯ ಮುಂದೆ ನಡೆಯುತ್ತದೆ. ಒಳಗೆ ಹೋಗಿ ಎಲ್ಲರಿಗೂ ವಂದಿಸಬೇಕು, ಕೂರಲು ಹೇಳುವವರೆಗೆ ಕಾಯಬೇಕು, ಬೆನ್ನು ನೇರವಿರಬೇಕು, ಮುಗುಳ್ನಗೆ ಇರಬೇಕು ಆದರೆ ಹಲ್ಲು ಕಾಣಬಾರದು. ಈ ಕೊನೆಯ ನಿಯಮ ಯಾರು ಮಾಡಿದರೋ ಕಾಣೆ. ಅವನನ್ನು ನೋಡಿದರೆ ಹಲ್ಲುನೋವಿಗೆ ರಜೆ ಕೇಳಲು ಬಂದವನ ಹಾಗಿರುತ್ತದೆ.

ಅಣಕು ಸಂದರ್ಶನಕ್ಕೆ ನಾನೂ ಒಮ್ಮೆ ಹೋಗಿ ಹಿಂದೆ ಕೂತಿದ್ದೆ. ನಿವೃತ್ತ ಅಧಿಕಾರಿಯೊಬ್ಬರು ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಕೇಳಿದರು. ಡ್ಯಾಫಪ್ಪ ಗಿರಣಿ ಶುರುವಾದಂತೆ ಶುರುವಾದ: 2011ರಲ್ಲಿ ಜಿಐ ಮಾನ್ಯತೆ, ಸುಕ್ಕುಗಟ್ಟಿದ ಸಿಪ್ಪೆ, ಖಾರ ಕಡಿಮೆ, ಬಣ್ಣ ಜಾಸ್ತಿ, ಆ ಬಣ್ಣದ ಸತ್ವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಅಧಿಕಾರಿ ತಲೆಯಾಡಿಸಿ, “ಈ ವರ್ಷ ನಿಮ್ಮ ತಂದೆಯವರ ಮಾಲು ಕ್ವಿಂಟಲಿಗೆ ಎಷ್ಟಕ್ಕೆ ಹೋಯಿತು?” ಎಂದರು. ಡ್ಯಾಫಿನಲ್ಲಿ ತಂದೆಯ ಕಸುಬು ಕೃಷಿ ಎಂದು ಇವನೇ ಬರೆದದ್ದು. ಗಿರಣಿ ನಿಂತಿತು.

“2024ರ ಮಾರ್ಚಿನಲ್ಲಿ ದರ ಕುಸಿಯಿತೆಂದು ನಿಮ್ಮೂರ ಎಪಿಎಂಸಿಯಲ್ಲಿ ರೈತರು ವಾಹನಗಳಿಗೆ ಬೆಂಕಿ ಹಚ್ಚಿದರಲ್ಲ, ಆವತ್ತು ನೀವೇ ಜಿಲ್ಲಾಧಿಕಾರಿ. ಏನು ಮಾಡುತ್ತಿದ್ದಿರಿ?”

“ಸರ್, ಒಂದು ಸಮಿತಿ ರಚಿಸಿ…”

“ಸಮಿತಿ ಬರುವಷ್ಟರಲ್ಲಿ ಬೆಂಕಿ ತಾನೇ ಆರಿರುತ್ತದೆ.”

ಆಮೇಲೆ ಅವರೇ ಬಿಡಿಸಿ ಹೇಳಿದರು. ಇಂಥ ಪ್ರಶ್ನೆಯಲ್ಲಿ ಮಂಡಳಿ ನೋಡುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಅಂದಾಜನ್ನು. ಮೊದಲ ಗಂಟೆ ಅಗ್ನಿಶಾಮಕ ದಳ, ಪೊಲೀಸು, ಗಾಯಗೊಂಡವರಿಗೆ. ಆಮೇಲೆ ರೈತ ಮುಖಂಡರನ್ನೂ ವರ್ತಕರನ್ನೂ ಎದುರುಬದುರು ಕೂರಿಸುವುದು, ಆವತ್ತಿನ ಟೆಂಡರ್ ದರವನ್ನು ಮರುಪರಿಶೀಲಿಸಬಹುದೇ ಎಂದು ಕೇಳುವುದು. ಆವಕ, ಬೆಲೆ, ಶೈತ್ಯಾಗಾರದ ಮಾತು ಮೂರನೆಯದು. ಡ್ಯಾಫಪ್ಪನಿಗೆ ಮೂರನೆಯದು ಬಾಯಿಪಾಠವಾಗಿತ್ತು, ಮೊದಲನೆಯದು ಹೊಳೆದಿರಲಿಲ್ಲ.

ಇನ್ನೊಂದು ಎಡವಟ್ಟೂ ಆಯಿತು. ಯಾವುದೋ ಒಪ್ಪಂದದ ವರ್ಷ ಕೇಳಿದಾಗ ನೆನಪಿಲ್ಲದಿದ್ದರೂ ಒಂದು ವರ್ಷ ಎಸೆದ. ಅಧಿಕಾರಿ ಸುಮ್ಮನೆ, “ಹೌದೇ?” ಎಂದರು. ಇವನು ಇನ್ನೊಂದು ವರ್ಷ ಎಸೆದ. ಮತ್ತೆ “ಹೌದೇ?” ಹಲ್ಲು ಕಾಣದ ಮುಗುಳ್ನಗೆ ಅಲ್ಲಿಗೆ ಮುಗಿಯಿತು. ಮೊದಲನೇ ಸಲವೇ “ಗೊತ್ತಿಲ್ಲ ಸರ್” ಎಂದಿದ್ದರೆ ಹೋಗುತ್ತಿದ್ದುದು ಒಂದೇ ಪ್ರಶ್ನೆ. ಊಹಿಸಿದ್ದು ಸಿಕ್ಕಿಬಿದ್ದರೆ ಆಮೇಲಿನ ನಿಜವಾದ ಉತ್ತರಗಳ ಮೇಲೂ ಅನುಮಾನ ಬೀಳುತ್ತದೆ. ಊಹಿಸಲೇಬೇಕೆಂದರೆ “ಖಚಿತವಿಲ್ಲ, ಅಂದಾಜು ಹೇಳಲೇ?” ಎಂದು ಅನುಮತಿ ಕೇಳಬೇಕಂತೆ. ಅದನ್ನೂ ಒಂದೇ ಸಂದರ್ಶನದಲ್ಲಿ ಹತ್ತು ಸಲ ಕೇಳಿದರೆ ಕೆಲಸ ಕೆಡುತ್ತದೆ.

ಹೊರಗೆ ಬಂದವನೇ ಡ್ಯಾಫಪ್ಪ ಟೈ ಸಡಿಲಿಸಿ ಅಪ್ಪನಿಗೆ ಫೋನ್ ಹಚ್ಚಿದ.

“ಅಪ್ಪಾ, ಈ ವರ್ಷ ನಮ್ಮ ಕಾಯಿ ಎಷ್ಟಕ್ಕ ಹೋತು?”

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

“ಯಾಕೋ ತಮ್ಮಾ, ಮತ್ತ ರೊಕ್ಕ ಬೇಕಾಗಿತ್ತೇನು?”