ತೀರ್ಥರೂಪರೂ ಛಾಯಾಚಿತ್ರವೂ

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದಲ್ಲಿ ಆಯುಷ್ಯ ಸವೆಸಿದ ನಮ್ಮ ತೀರ್ಥರೂಪರು, ಕ್ಯಾಮೆರಾ ಕಂಡೊಡನೆ, ಹೆಗಲ ಮೇಲಿನ ಚಳ್ಳಕೆರೆಯ ಕಂಬಳಿಯನ್ನು ಕೆಳಗಿಟ್ಟು, ಇಸ್ತ್ರಿಯ ಅಂಗಿ ತೊಟ್ಟು, ಉಸಿರು ಬಿಗಿಹಿಡಿದು, ಮತದಾರರ ಗುರುತಿನ ಚೀಟಿಯ ಮುಖವನ್ನು ಧರಿಸಿಬಿಡುತ್ತಾರೆ. ಅದನ್ನೂ ಒಂದು ತೆಗೆದು, ತೋರಿಸಿ, ಅವರ ಅಪ್ಪಣೆ ಪಡೆದು, ಅವರು ಮತ್ತೆ ಕುಣಿಮಗ್ಗಕ್ಕಿಳಿದ ಮೇಲೆಯೇ ನಿಜವಾದ ಕಾರ್ಯಾರಂಭ.

ಕುಣಿಮಗ್ಗದಲ್ಲಿ ನೇಕಾರನ ಕಾಲು ಗುಂಡಿಯೊಳಗೂ ಆಸನ ನೆಲದ ಮಟ್ಟದಲ್ಲೂ ಇರುವುದರಿಂದ, ನಿಂತು ತೆಗೆದವನಿಗೆ ದೊರೆಯುವುದು ಪಿತೃವಿನ ಬೋಳುನೆತ್ತಿಯೊಂದೇ. ಆದಕಾರಣ ಮಗನೂ ನೆಲಕ್ಕೆ ಕುಳಿತು ಅವರ ಕಣ್ಣಿನ ಮಟ್ಟಕ್ಕೆ ಇಳಿಯತಕ್ಕದ್ದು. ಫ್ಲಾಷ್ ಹಾಕಿದರೆ ಜರಿ ಮಿಂಚಿ ಮುಖ ಚಪ್ಪಟೆಯಾಗುವುದು. ಪಕ್ಕದ ಕಿಟಕಿಯ ಬೆಳಕಾದರೋ ಒಂದೊಂದು ಸುಕ್ಕನ್ನೂ ಬಿಡಿಸಿಡುವುದು. ಷಟರನ್ನು ಸೆಕೆಂಡಿನ 1/60ಕ್ಕೆ ಇಟ್ಟರೆ ಲಾಳಿ ಗೆರೆಯಾಗಿ ಹರಿಯುತ್ತದೆ. 1/500ಕ್ಕೆ ಏರಿಸಿದರೆ ಲಾಳಿಯೂ ಸ್ತಬ್ಧವಾಗಿ ಮಗ್ಗವೇ ಮುಷ್ಕರ ಹೂಡಿದಂತೆ ಕಾಣುತ್ತದೆ. ಆದರೆ ಹಲಗೆ ಬಡಿಯುವಾಗ ತಲೆಯೂ ಅಲುಗುವುದರಿಂದ, 1/60ರಲ್ಲಿ ಮುಖ ಮಸುಕಾಗುವ ಭಯವುಂಟು. ಹಾಗಾಗಿ ಎಳೆ ಕಡಿಯುವವರೆಗೆ ಕಾಯುವುದೇ ಲೇಸು: ಆಗ ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ತುಟಿ ಕಚ್ಚಿ, ಬೆರಳ ತುದಿಯಲ್ಲಿ ಗಂಟು ಹಾಕುತ್ತ, ನಮ್ಮನ್ನೂ ಲೋಕವನ್ನೂ ಒಟ್ಟಿಗೇ ಮರೆಯುತ್ತಾರೆ. ಕ್ಲಿಕ್ ಸದ್ದಿಗೆ ತಲೆಯೆತ್ತದೆ ಹೇಳಿದರು: “ಸುಮ್ನೆ ಕೂತಿದ್ದೀಯಲ್ಲ, ಈ ಎಳೆ ಹಿಡ್ಕೊಳೋ!”