ನೈಋತ್ಯದ ಟ್ಯಾಂಕು: ಮಾಳಿಗೆ ಸೋಲಾರ್ ಬಳಕೆದಾರರ ಕೈಪಿಡಿ

ಈ ಕೈಪಿಡಿ ಆದೋನಿಯ ಒಂದು ಮಾಳಿಗೆಗೆಂದು ಬರೆದದ್ದು. ಉತ್ತರ-ದಕ್ಷಿಣ 30 ಅಡಿ, ಪೂರ್ವ-ಪಶ್ಚಿಮ 20 ಅಡಿ. ನಿಮ್ಮದು ಇದಕ್ಕಿಂತ ದೊಡ್ಡದಾದರೆ ನೀವು ಪುಣ್ಯವಂತರು, ಓದುವ ಅಗತ್ಯವಿಲ್ಲ.

ಪೆಟ್ಟಿಗೆ ಬಿಚ್ಚುವ ಮೊದಲು

ಕರೆಂಟ್ ಬಿಲ್ಲು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ಹೆಸರು ಓದಿ. ಉರುಕುಂದಿ ಈರಣ್ಣಸ್ವಾಮಿಯ ಹೆಸರಿಟ್ಟುಕೊಂಡವರು ನಮ್ಮ ಸೀಮೆಯಲ್ಲಿ ಬೀದಿಗೆ ನಾಲ್ವರು. ಬಿಲ್ಲು ಬರೆದವನಿಗೆ ಆತ ವೀರಣ್ಣ, ಆಧಾರಿನವನಿಗೆ ಈರಣ್ಣ, ಬ್ಯಾಂಕಿನವನಿಗೆ ಈರನ್ನ. ಮೂವರೂ ಒಬ್ಬರೇ ಎಂದು ಊರಿಗೆ ಗೊತ್ತು, ಪೋರ್ಟಲ್‌ಗೆ ಗೊತ್ತಿಲ್ಲ. ಬಿಲ್ಲು ತೀರಿಹೋದ ತಾತನ ಹೆಸರಿನಲ್ಲಿದ್ದರಂತೂ ಮೊದಲು ಕರೆಂಟ್ ಆಫೀಸಿಗೆ ಹೋಗಿ ಹೆಸರು ಬದಲಿಸಿಕೊಳ್ಳಿ. ಪ್ಯಾನೆಲ್ ಕೂರಿಸಿದ ಮೇಲೆ ಈ ಕೆಲಸಕ್ಕೆ ಇಳಿದವರ ಸಬ್ಸಿಡಿ ತಾತನ ಜೊತೆ ಮಾತಾಡುತ್ತ ಕೂತಿರುತ್ತದೆ.

ಹೆಸರು ಸರಿಹೋದ ಮೇಲೆ pmsuryaghar.gov.in ನಲ್ಲಿ ಅರ್ಜಿ ಹಾಕಿ, ನೋಂದಾಯಿತ ಮಾರಾಟಗಾರನನ್ನೇ ಹಿಡಿಯಿರಿ. 2024ರ ಫೆಬ್ರವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ಎಷ್ಟು ದೊಡ್ಡದು ಹಾಕಿದರೂ ಅಷ್ಟೇ. ಪ್ಯಾನೆಲ್ಲಿನ ಸೆಲ್ಲುಗಳೂ ಭಾರತದಲ್ಲೇ ತಯಾರಾದವಾಗಿರಬೇಕು. ನೆಟ್ ಮೀಟರ್ ಕೂತು, ತಪಾಸಣೆ ಮುಗಿದ ನಂತರವೇ ಹಣ ಖಾತೆಗೆ ಬರುವುದು. ಅಲ್ಲಿಯವರೆಗೆ ದುಡ್ಡು ನಿಮ್ಮದೇ. ನೀರು ಕಾಯಿಸುವ ಸೋಲಾರಿಗೆ ಈ ಯೋಜನೆಯಲ್ಲಿ ಬಿಡಿಗಾಸಿಲ್ಲ.

ಜೋಡಣೆ

ಈಗ ಕಷ್ಟದ ಭಾಗ. ಮಾಳಿಗೆಯ ಮೇಲೆ ಮೂರು ವಸ್ತು ಕೂರಬೇಕು: ಹೀಟರ್, ಅದಕ್ಕೆ ತಣ್ಣೀರು ಕೊಡುವ ಟ್ಯಾಂಕು, ಮತ್ತು ಪ್ಯಾನೆಲ್ಲುಗಳು. ಹೀಟರಿಗೆ ಪಂಪಿಲ್ಲ, ನೀರು ತನ್ನ ಭಾರದಿಂದಲೇ ಇಳಿದು ಬರಬೇಕು. ಆದ್ದರಿಂದ ತಣ್ಣೀರು ಟ್ಯಾಂಕಿನ ತಳ ಹೀಟರಿನ ನೆತ್ತಿಗಿಂತ ಮೇಲಿರಬೇಕು. ಹೀಟರ್ ಐದಡಿ ಎಂದರೆ ಟ್ಯಾಂಕಿನ ತಳ ಆರಡಿ, ಸಾವಿರ ಲೀಟರಿನ ಟ್ಯಾಂಕಿನ ಎತ್ತರ ಸುಮಾರು ನಾಲ್ಕಡಿ. ಹೀಗೆ ಬಿಸಿನೀರಿನ ಆಸೆಗೆ ಹತ್ತಡಿಯ ಒಂದು ಗೋಪುರ ಎದ್ದು ನಿಂತಿತು. ವಾಸ್ತುವಿನವರು ಅದನ್ನು ನೈಋತ್ಯದಲ್ಲಿ ನಿಲ್ಲಿಸಿ ಎನ್ನುತ್ತಾರೆ. ನಿಲ್ಲಿಸಿದಿರಿ.

ಈ ಗೋಪುರದ ನೆರಳು ಎಲ್ಲಿ ಬೀಳುತ್ತದೆ ಎಂದು ಮೇ ತಿಂಗಳಲ್ಲಿ ಅಳೆಯಬೇಡಿ. ಮೇ ಮೊದಲ ವಾರ ಆದೋನಿಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ನೆರಳು ಟ್ಯಾಂಕಿನ ಕಾಲಡಿಗೇ ಮುದುಡಿರುತ್ತದೆ. ಆಗ ಬಂದ ಮಾರಾಟಗಾರ ‘ಎಲ್ಲಿ ಬೇಕಾದರೂ ಹಾಕಬಹುದು ಸಾರ್’ ಎನ್ನುತ್ತಾನೆ. ಲೆಕ್ಕ ಡಿಸೆಂಬರಿನದು. ಆಗ ನಡುಹಗಲಿನ ನೆರಳು ಹತ್ತಡಿಗೆ ಎಂಟಡಿ ಉತ್ತರಕ್ಕೆ. ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಅದು ಹದಿನಾರಡಿ ದಾಟಿ ಈಶಾನ್ಯದ ಕಡೆ ಓರೆಯಾಗಿ ಚಾಚುತ್ತದೆ, ಅಂದರೆ ಉತ್ತರಕ್ಕೆ ಸುಮಾರು ಹನ್ನೊಂದು, ಪೂರ್ವಕ್ಕೆ ಹನ್ನೆರಡೂವರೆ ಅಡಿ. ಟ್ಯಾಂಕು ಮೂಲೆಯಲ್ಲಿ ನಾಲ್ಕಡಿ ಜಾಗ ತಿಂದಿದೆ. ದಕ್ಷಿಣದ ಹದಿನೈದು ಅಡಿ ಅಲ್ಲಿಗೆ ಹೋಯಿತು. ಉತ್ತರಕ್ಕೆ ಉಳಿದದ್ದು 15 ಗುಣಿಸು 20, ಮುನ್ನೂರು ಚದರಡಿ. ಕಿಲೋವ್ಯಾಟಿಗೆ ನೂರು ಚದರಡಿಯಂತೆ ಮೂರು ಕಿಲೋವ್ಯಾಟಿಗೆ ಅಷ್ಟೇ ಬೇಕು. ಹೀಟರ್ ದಕ್ಷಿಣದ ಅಂಚಿಗೆ, ಟ್ಯಾಂಕಿನ ಪಕ್ಕದಲ್ಲಿ.

ಇಷ್ಟು ಲೆಕ್ಕ ಹಾಕಿ ಹಲಗೆಯ ಮೇಲೆ ಬರೆದು ತೋರಿಸಿದೆ. ಅವ್ವ ನೋಡಿ, “ಈಶಾನ್ಯ ಖಾಲಿ ಇರಬೇಕು, ಅಲ್ಲಿ ಕಬ್ಬಿಣ ನಿಲ್ಲಿಸ್ತೀಯೇನೋ ಯಪ್ಪಾ?” ಎಂದಳು. ಇದಕ್ಕೆ ಕೈಪಿಡಿಯಲ್ಲಿ ಪರಿಹಾರವಿಲ್ಲ. ಟ್ಯಾಂಕನ್ನು ಉತ್ತರಕ್ಕೆ ಒಯ್ದಿದ್ದರೆ ನೆರಳು ಪಕ್ಕದ ಮನೆಗೆ ಬೀಳುತ್ತಿತ್ತು, ಜಗಳವೂ.

ದೋಷ ಪತ್ತೆ

ಪ್ಯಾನೆಲ್ಲುಗಳು ಒಂದೇ ಸರದ ಮಣಿಗಳು. ಒಂದರ ಅಂಚಿಗೆ ನೆರಳು ಬಿದ್ದರೂ ಅದರ ಮೂರನೆಯ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಸತ್ತುಹೋಗುತ್ತದೆ. ಮೋಡವಿಲ್ಲದ ದಿನ ಇನ್ವರ್ಟರಿನ ಆ್ಯಪ್ ತೆರೆದು ನೋಡಿ. ಗೆರೆ ನುಣ್ಣಗೆ ಗುಡ್ಡ ಏರಿ ಇಳಿದಂತಿರಬೇಕು. ದಿನವೂ ಒಂದೇ ಹೊತ್ತಿಗೆ ಹಲ್ಲು ಬಿದ್ದಂತೆ ತಗ್ಗು ಕಂಡರೆ ಆ ಹೊತ್ತಿಗೆ ಮಾಳಿಗೆ ಹತ್ತಿ. ಹೀಟರಿನ ಗಾಳಿ ಕೊಳವೆಯೂ ಅಪರಾಧಿಯಾಗಿರಬಹುದು. ಹಾಗೆಂದು ಅದನ್ನು ಕೊಯ್ಯಬೇಡಿ, ಅದು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರವಿರಲೇಬೇಕು. ಇಲ್ಲವಾದರೆ ಬಿಸಿನೀರು ಅದರ ಬಾಯಿಂದ ಹರಿದುಹೋಗುತ್ತದೆ. ಗೆರೆ ಇಡೀ ಕುಗ್ಗಿದ್ದರೆ ನೆರಳಲ್ಲ, ಧೂಳು. ಹತ್ತಿ ಜಿನ್ನುಗಳ ಊರಿನಲ್ಲಿ ಧೂಳಿನ ಮೇಲೆ ಹತ್ತಿಯ ಎಳೆಯೂ ಅಂಟಿರುತ್ತದೆ. ಬೆಳಿಗ್ಗೆ ಗಾಜು ಕಾಯುವ ಮೊದಲು ತೊಳೆಯಿರಿ. ಗಡುಸು ಬೋರ್ ನೀರಾದರೆ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.

ಎಚ್ಚರಿಕೆ: ಪ್ಯಾನೆಲ್ಲಿನ ಮೇಲೆ ಸಂಡಿಗೆ ಇಡಬಾರದು. ಈ ಸಾಲು ಮೊದಲ ಮುದ್ರಣದಲ್ಲಿ ಇರಲಿಲ್ಲ.